ಇಸವಿ ನೋಡಿ ಪಠ್ಯಪುಸ್ತಕ ಕೊಳ್ಳಬೇಡಿ

ಸೆಮಿಸ್ಟರ್ ಶುರುವಾದ ಮೊದಲ ವಾರಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಹಾಸನದಲ್ಲೋ ಗದಗದಲ್ಲೋ ಓದುವ ವಿದ್ಯಾರ್ಥಿಗಳು ಅಷ್ಟು ದೂರ ಬರಲಾಗದೆ ಫೋನಿನಲ್ಲೇ ವ್ಯಾಪಾರ ಮುಗಿಸುತ್ತಾರೆ. ಅಂಗಡಿಯಿಂದ ವಾಟ್ಸಾಪಿನಲ್ಲಿ ಎರಡು ಫೋಟೊ ಬರುತ್ತವೆ, ಒಂದು ಮುಖಪುಟದ್ದು, ಇನ್ನೊಂದು ಒಳಗಡೆ ಸಣ್ಣಕ್ಷರದಲ್ಲಿ ಏನೇನೋ ಅಚ್ಚಾಗಿರುವ ಪುಟದ್ದು. ಮಾತುಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

“ಅಣ್ಣಾ, ಇದು ಥರ್ಡ್ ಎಡಿಷನ್ನೇನಾ?”

“ಹೊಸದೇ ಕಣಮ್ಮ, 2006 ಅಂತ ಹಾಕಿದೆ ನೋಡು. ಮೊದಲಿಂದು 2001ರದ್ದು ಬರ್ತಿತ್ತು.”

ಅಂಗಡಿಯವನು ಸುಳ್ಳು ಹೇಳುತ್ತಿಲ್ಲ. ಪುಟದಲ್ಲಿ 2006 ಅಂತಲೇ ಇದೆ. ಆದರೆ ಪ್ರಶ್ನೆ ಇದ್ದದ್ದು ಆವೃತ್ತಿಯ ಬಗ್ಗೆ, ಉತ್ತರ ಬಂದದ್ದು ಇಸವಿಯ ಬಗ್ಗೆ. ಪಠ್ಯಪುಸ್ತಕ ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಕನ್ನಡ ಓದುಗರಿಗೆ ಈ ಗೊಂದಲ ಸಹಜ. ನಮ್ಮ ಕಾದಂಬರಿಗಳಲ್ಲಿ “ಮೊದಲ ಮುದ್ರಣ, ಎರಡನೆಯ ಮುದ್ರಣ” ಎಂದು ಸಾಲಾಗಿ ಇಸವಿಗಳಿರುತ್ತವೆ. ಹತ್ತನೆಯ ಮುದ್ರಣವಾದರೂ ಕತೆ ಅದೇ, ಹಾಗಾಗಿ ಯಾವ ಪ್ರತಿ ಕೊಂಡರೂ ನಡೆಯುತ್ತದೆ. ಕಾಲೇಜಿನ ಪಠ್ಯಪುಸ್ತಕಕ್ಕೆ ಮುದ್ರಣ ಬೇರೆ, ಆವೃತ್ತಿ ಬೇರೆ. ದಾಸ್ತಾನು ಖಾಲಿಯಾಯಿತೆಂದು ಅದೇ ಪುಟಗಳನ್ನು ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ. ಲೇಖಕರು ಕೂತು ಅಧ್ಯಾಯ ಸೇರಿಸಿ, ಕೆಲವನ್ನು ತೆಗೆದು, ಲೆಕ್ಕಗಳನ್ನು ಬದಲಿಸಿ ತಂದರೆ ಅದು ಹೊಸ ಆವೃತ್ತಿ. ಎರಡನೆಯ ಆವೃತ್ತಿಯೊಂದು 2001ರಲ್ಲಿ ಹೊರಬಂದು 2006ರಲ್ಲೂ ಮರುಮುದ್ರಣವಾಗಬಹುದು. ಆಗ ಪುಟದಲ್ಲಿ 2006 ಅಂತಿದ್ದರೂ ಪುಸ್ತಕ 2001ರದ್ದೇ.

ಇದನ್ನು ಒಂದು ಪುಸ್ತಕವನ್ನೇ ಹಿಡಿದು ನೋಡೋಣ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ “ಇಂಟ್ರೊಡಕ್ಷನ್ ಟು ಅಲ್ಗಾರಿದಮ್ಸ್” ಗೊತ್ತಿರುತ್ತದೆ. ಲೇಖಕರಲ್ಲಿ ಮೊದಲನೆಯವರ ಹೆಸರಿನಿಂದ ವಿದ್ಯಾರ್ಥಿಗಳು ಅದನ್ನು “ಕೊರ್ಮನ್” ಎಂದೇ ಕರೆಯುತ್ತಾರೆ. ಅಮೆರಿಕದ ಎಂಐಟಿ ಪ್ರೆಸ್‌ನ ಪುಸ್ತಕ ಇದು. ಮೊದಲ ಆವೃತ್ತಿ 1990ರಲ್ಲಿ, ಎರಡನೆಯದು 2001ರಲ್ಲಿ, ಮೂರನೆಯದು 2009ರಲ್ಲಿ, ನಾಲ್ಕನೆಯದು 2022ರಲ್ಲಿ ಬಂತು. ಭಾರತದಲ್ಲಿ ಎರಡು ಮತ್ತು ಮೂರನೆಯ ಆವೃತ್ತಿಗಳನ್ನು ಕಡಿಮೆ ಬೆಲೆಗೆ ತಂದದ್ದು ಪಿಎಚ್‌ಐ. ವಿಟಿಯುವಿನ 2018ರ ಸ್ಕೀಮಿನಲ್ಲಿ ಅಲ್ಗಾರಿದಮ್ ವಿಷಯದ ಪರಾಮರ್ಶನ ಪುಸ್ತಕಗಳ ಪಟ್ಟಿಯಲ್ಲಿ ಇರುವುದು ಇದರ ಮೂರನೆಯ ಆವೃತ್ತಿ. ಹಳೆ ಅಂಗಡಿಗಳಲ್ಲಿ ಎರಡನೆಯದೂ ಮೂರನೆಯದೂ ಒಂದೇ ರಾಶಿಯಲ್ಲಿರುತ್ತವೆ.

ಮೊದಲು ಮುಖಪುಟದ ಫೋಟೊ. ಆವೃತ್ತಿಯ ಹೆಸರು ಅಲ್ಲಿ ದೊಡ್ಡದಾಗಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಹಳೆ ಪುಸ್ತಕದ ಮುಖಪುಟದಲ್ಲಿ ಮೊದಲು ಹಾಳಾಗುವುದು ಮೂಲೆಗಳು, ಆವೃತ್ತಿಯ ಸಾಲು ಅನೇಕ ಸಲ ಇರುವುದೂ ಅಲ್ಲೇ. ಅಂಗಡಿಯವರು ಬೆಲೆಯ ಚೀಟಿ ಅಂಟಿಸುವುದೂ ಅದೇ ಜಾಗದಲ್ಲಿ. ಆಗ ಲೇಖಕರ ಹೆಸರು ಎಣಿಸಿ. ಕೊರ್ಮನ್, ಲೈಸರ್‌ಸನ್, ರಿವೆಸ್ಟ್ ಎಂದು ಮೂರೇ ಹೆಸರಿದ್ದರೆ ಅದು 1990ರ ಮೊದಲ ಆವೃತ್ತಿ. ನಾಲ್ಕನೆಯವರಾದ ಸ್ಟೈನ್ ಸೇರಿಕೊಂಡದ್ದು ಎರಡನೆಯ ಆವೃತ್ತಿಯಿಂದ. ನಾಲ್ಕು ಹೆಸರಿದ್ದರೆ ಮೊದಲನೆಯದಲ್ಲ ಎಂದಷ್ಟೇ ತಿಳಿಯುತ್ತದೆ, ಎರಡನೆಯದೋ ಮೂರನೆಯದೋ ತಿಳಿಯುವುದಿಲ್ಲ. ಮುಖಪುಟದಿಂದ ಅದಕ್ಕಿಂತ ಹೆಚ್ಚು ಬಯಸಬಾರದು, ಏಕೆಂದರೆ ಆನ್‌ಲೈನ್‌ನಲ್ಲಿ ಮಾರುವವರು ಹಾಕುವ ಮುಖಪುಟದ ಚಿತ್ರ ಅವರ ಕೈಯಲ್ಲಿರುವ ಪ್ರತಿಯದ್ದೇ ಆಗಿರಬೇಕೆಂದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರ ಹಾಕಿ, ಗೋದಾಮಿನಲ್ಲಿರುವ ಬೇರೆ ಪ್ರತಿ ಕಳಿಸುವುದುಂಟು.

ನಿಜವಾದ ವಿವರ ಸಿಗುವುದು ಶೀರ್ಷಿಕೆ ಪುಟದ ಬೆನ್ನಿನಲ್ಲಿ. ಅದೇ ಕಾಪಿರೈಟ್ ಪುಟ. ಮೂರನೆಯ ಆವೃತ್ತಿಯ ಎಂಐಟಿ ಪ್ರೆಸ್ ಪ್ರತಿಯಲ್ಲಿ © 2009 ಎಂದಿದೆ. © ಚಿಹ್ನೆಯ ಪಕ್ಕದ ಇಸವಿ ಹಕ್ಕುಸ್ವಾಮ್ಯದ ಇಸವಿ. ಮರುಮುದ್ರಣವಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆದ್ದರಿಂದ ಪುಟದಲ್ಲಿ ಎಷ್ಟೇ ಇಸವಿಗಳಿದ್ದರೂ ಮೊದಲು ಹುಡುಕಬೇಕಾದದ್ದು ಈ ಚಿಹ್ನೆಯನ್ನು. ಅದರ ಪಕ್ಕ ಒಂದಕ್ಕಿಂತ ಹೆಚ್ಚು ಇಸವಿಗಳಿದ್ದರೆ ಎಲ್ಲಕ್ಕಿಂತ ಈಚಿನದು ಕೈಯಲ್ಲಿರುವ ಆವೃತ್ತಿಯದು, ಉಳಿದವು ಸಾಮಾನ್ಯವಾಗಿ ಹಿಂದಿನ ಆವೃತ್ತಿಗಳವು.

ಅದರ ಕೆಳಗೆ ಗ್ರಂಥಾಲಯಗಳ ಸೂಚಿಗೆಂದು ಅಚ್ಚಾದ ನಾಲ್ಕಾರು ಸಾಲುಗಳಿವೆ. ಪುಸ್ತಕದ ಹೆಸರು, ಮೊದಲ ಲೇಖಕರ ಹೆಸರು, ಆಮೇಲೆ ಒಂದು ಅಡ್ಡಗೆರೆಯ ನಂತರ ಮೂರನೆಯ ಆವೃತ್ತಿ ಎಂಬ ಸಂಕ್ಷಿಪ್ತ ರೂಪ. ಯಾರೂ ಓದದ ಸಾಲು ಇದು. ಮುಖಪುಟ ಹರಿದಿದ್ದರೂ ಆವೃತ್ತಿ ಎಷ್ಟನೆಯದೆಂದು ಸಂದೇಹವಿಲ್ಲದೆ ಹೇಳುವುದೂ ಇದೇ ಸಾಲು.

ಇನ್ನೂ ಕೆಳಗೆ 10 9 8 7 6 5 4 3 2 1 ಎಂದು ಅಂಕಿಗಳ ಒಂದು ಸಾಲು ಇರುತ್ತದೆ. ನೋಡಿದವರು ಇದನ್ನೇ ಆವೃತ್ತಿಯ ಸಂಖ್ಯೆ ಎಂದುಕೊಳ್ಳುವುದು ಸಾಮಾನ್ಯ. ಇದು ಮುದ್ರಣದ ಲೆಕ್ಕ. ಪ್ರತಿ ಸಲ ಮತ್ತೆ ಅಚ್ಚು ಹಾಕುವಾಗ ಕೊನೆಯ ಅಂಕಿಯನ್ನು ತೆಗೆಯುತ್ತಾರೆ. ಉಳಿದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದು ಎಷ್ಟನೆಯ ಮುದ್ರಣ ಎಂಬುದು. 10 9 8 7 6 5 4 ಎಂದು ನಿಂತಿದ್ದರೆ ನಾಲ್ಕನೆಯ ಮುದ್ರಣ, ನಾಲ್ಕನೆಯ ಆವೃತ್ತಿ ಅಲ್ಲ. ಭಾರತದ ಪ್ರಕಾಶಕರು ಇದನ್ನೇ ಅಂಕಿಗಳ ಬದಲು ಮಾತಿನಲ್ಲಿ, ಇಂಥ ಇಸವಿಯಲ್ಲಿ ಇಷ್ಟನೆಯ ಮುದ್ರಣ ಎಂದು ಬರೆಯುತ್ತಾರೆ. ಅಂಗಡಿಯವನು ಓದಿ ಹೇಳಿದ್ದು ಆ ಇಸವಿಯನ್ನು.

ಹಾಗೆಂದು ಮುದ್ರಣದ ಲೆಕ್ಕ ಪೂರ್ತಿ ನಿರುಪಯೋಗಿಯೂ ಅಲ್ಲ. ಓದುಗರು ತೋರಿಸಿಕೊಟ್ಟ ತಪ್ಪುಗಳನ್ನು ಕೊರ್ಮನ್ ಪುಸ್ತಕದ ಲೇಖಕರು ಪಟ್ಟಿ ಮಾಡಿ ಪ್ರಕಟಿಸಿ, ಮುಂದಿನ ಮುದ್ರಣಗಳಲ್ಲಿ ತಿದ್ದಿದ್ದಾರೆ. ಒಂದೇ ಆವೃತ್ತಿಯ ಎರಡು ಪ್ರತಿ ಒಂದೇ ಬೆಲೆಗೆ ಸಿಕ್ಕರೆ ಮುದ್ರಣದ ಸಂಖ್ಯೆ ದೊಡ್ಡದಿರುವುದನ್ನು ಕೊಳ್ಳುವುದು ಒಳ್ಳೆಯದು.

ಅದೇ ಪುಟದಲ್ಲಿ ಐಎಸ್‌ಬಿಎನ್ ಇದೆ. ಎಂಐಟಿ ಪ್ರೆಸ್‌ನ ಮೂರನೆಯ ಆವೃತ್ತಿಯ ಪುಟದಲ್ಲಿ ಒಂದಲ್ಲ, ಎರಡು ಸಂಖ್ಯೆಗಳಿವೆ. 978-0-262-03384-8 ಗಟ್ಟಿ ರಟ್ಟಿನದಕ್ಕೆ, 978-0-262-53305-8 ಪೇಪರ್‌ಬ್ಯಾಕಿಗೆ. ಪಿಎಚ್‌ಐ ಮುದ್ರಿಸಿದ ಅದೇ ಮೂರನೆಯ ಆವೃತ್ತಿಗೆ 978-81-203-4007-7. ಮೂರು ಸಂಖ್ಯೆ, ಒಳಗಿನ ಪಾಠ ಒಂದೇ. ಹೀಗಾಗಿ ಮೇಷ್ಟ್ರು ಕೊಟ್ಟ ಸಂಖ್ಯೆಗೂ ಫೋಟೊದಲ್ಲಿರುವ ಸಂಖ್ಯೆಗೂ ಹೊಂದಾಣಿಕೆಯಾಗದ ಮಾತ್ರಕ್ಕೆ ಪುಸ್ತಕ ಬೇಡವೆಂದು ಬಿಡಬಾರದು. ಹೊಂದಿಕೆಯಾದರೆ ಅದೇ ಆವೃತ್ತಿ ಎಂದು ನಂಬಬಹುದು, ಆಗದಿದ್ದರೆ ಇನ್ನೂ ನೋಡಬೇಕು ಎಂದಷ್ಟೇ ಅರ್ಥ.

2007ರ ಜನವರಿಗೆ ಮುಂಚೆ ಈ ಸಂಖ್ಯೆಯಲ್ಲಿ 10 ಅಂಕಿಗಳಿದ್ದವು, ಆಮೇಲೆ 13 ಆದವು. ಪಿಎಚ್‌ಐನ ಎರಡನೆಯ ಆವೃತ್ತಿಯ ಹಳೆಯ ಸಂಖ್ಯೆ 81-203-2141-3. ಅದೇ ಪುಸ್ತಕವನ್ನು 13 ಅಂಕಿಗೆ ತಂದಾಗ 978-81-203-2141-0 ಆಗುತ್ತದೆ. ಮುಂದೆ 978 ಸೇರಿದ್ದಲ್ಲದೆ ಕೊನೆಯ 3 ಹೋಗಿ 0 ಬಂದಿದೆ, ಏಕೆಂದರೆ ಕೊನೆಯ ಅಂಕಿ ಪುಸ್ತಕದ್ದಲ್ಲ, ಉಳಿದ ಅಂಕಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಇಟ್ಟದ್ದು. ಹಳೆಯ ಹತ್ತು ಅಂಕಿಯ ಸಂಖ್ಯೆ ಮಾತ್ರ ಇರುವ ಪ್ರತಿ 2009ರ ಮೂರನೆಯ ಆವೃತ್ತಿಯಾಗಿರುವ ಸಾಧ್ಯತೆ ತೀರಾ ಕಡಿಮೆ.

ಈ ಪರೀಕ್ಷೆಯ ಅಂಕಿ ಫೋಟೊ ಮಸುಕಾಗಿದ್ದಾಗ ತುಂಬ ಉಪಯೋಗಕ್ಕೆ ಬರುತ್ತದೆ. ಫ್ಲ್ಯಾಶ್ ಬೆಳಕು ಪುಟದ ಮೇಲೆ ಬಿದ್ದು ಎಂಟನೆಯ ಅಂಕಿ 3 ಅಥವಾ 8 ಎರಡೂ ಇರಬಹುದು ಎನ್ನುವ ಹಾಗಿದೆ ಎಂದುಕೊಳ್ಳಿ. ಉಳಿದದ್ದು ಸ್ಪಷ್ಟವಾಗಿದೆ. ಆ ಅಂಕಿ 3 ಎಂದಿಟ್ಟುಕೊಂಡರೆ ಸಂಖ್ಯೆ 9788120340077. ಬೆಸ ಸ್ಥಾನದ ಅಂಕಿಗಳನ್ನು, ಅಂದರೆ ಒಂದನೆಯದು, ಮೂರನೆಯದು, ಐದನೆಯದು ಹೀಗೆ ಕೂಡಿ. 9, 8, 1, 0, 4, 0, 7 ಸೇರಿ 29 ಆಯಿತು. ಸಮ ಸ್ಥಾನದ 7, 8, 2, 3, 0, 7 ಸೇರಿ 27, ಅದನ್ನು ಮೂರರಿಂದ ಗುಣಿಸಿದರೆ 81. ಎರಡೂ ಸೇರಿ 110. ಮೊತ್ತ ಹತ್ತರಿಂದ ಪೂರ್ತಿ ಭಾಗವಾದರೆ ಸಂಖ್ಯೆ ಸರಿ. 3ರ ಬದಲು 8 ಎಂದು ಹಿಡಿದರೆ ಸಮ ಸ್ಥಾನದ ಮೊತ್ತ 32, ಮೂರರಿಂದ ಗುಣಿಸಿ 96, ಒಟ್ಟು 125. ಭಾಗವಾಗಲಿಲ್ಲ. ಅಲ್ಲಿರುವುದು 3 ಎಂದು ಅಂಗಡಿಗೆ ಮತ್ತೆ ಫೋನು ಮಾಡದೆಯೇ ತೀರ್ಮಾನವಾಯಿತು. ಒಂದು ಅಂಕಿ ತಪ್ಪಿದ್ದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಆದರೆ ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಓದಿಕೊಂಡು, ಅವೆರಡರ ನಡುವಿನ ಅಂತರ ಐದೇ ಆಗಿದ್ದರೆ ಮೊತ್ತ ಭಾಗವಾಗಿಬಿಡುತ್ತದೆ, ತಪ್ಪು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾನು ವಿದ್ಯಾರ್ಥಿಗಳಿಗೆ ಇನ್ನೊಂದು ಫೋಟೊ ಕೇಳಿ ಎನ್ನುತ್ತೇನೆ. ಅದು ಪರಿವಿಡಿಯದು. ಮುಖಪುಟ ಬದಲಾಗಿರಬಹುದು, ಕಾಪಿರೈಟ್ ಪುಟವೇ ಕಿತ್ತುಹೋಗಿರಬಹುದು. ಆವೃತ್ತಿ ಬದಲಾದಾಗ ಏನು ಬದಲಾಯಿತೋ ಅದು ಪರಿವಿಡಿಯಲ್ಲಿ ಕಾಣದೆ ಇರಲಾರದು. ಕೊರ್ಮನ್ ಪುಸ್ತಕಕ್ಕೆ ಒಂದೇ ಅಧ್ಯಾಯ ನೋಡಿದರೆ ಸಾಕು, 27ನೆಯದು. ಎರಡನೆಯ ಆವೃತ್ತಿಯಲ್ಲಿ ಅದು “ಸಾರ್ಟಿಂಗ್ ನೆಟ್‌ವರ್ಕ್ಸ್”. ಮೂರನೆಯದರಲ್ಲಿ ಅದನ್ನು ಕೈಬಿಟ್ಟು “ಮಲ್ಟಿಥ್ರೆಡೆಡ್ ಅಲ್ಗಾರಿದಮ್ಸ್” ತಂದರು. ನಾಲ್ಕನೆಯದರಲ್ಲಿ 27ನೆಯ ಅಧ್ಯಾಯ “ಆನ್‌ಲೈನ್ ಅಲ್ಗಾರಿದಮ್ಸ್”. ಪರಿವಿಡಿಯ ಆ ಒಂದು ಸಾಲಿನ ಫೋಟೊ ಸಿಕ್ಕರೆ ಇಸವಿ, ಸಂಖ್ಯೆ, ಮುಖಪುಟ ಯಾವುದರ ಹಂಗೂ ಇಲ್ಲ.

ಬೇರೆ ಪುಸ್ತಕಗಳಿಗೂ ಇಂಥ ಗುರುತಿನ ಅಧ್ಯಾಯ ಕಂಡುಕೊಳ್ಳುವುದು ಕಷ್ಟವಲ್ಲ. ಹೊಸ ಆವೃತ್ತಿಯ ಮುನ್ನುಡಿಯಲ್ಲಿ ಹಿಂದಿನದಕ್ಕಿಂತ ಏನೇನು ಬದಲಿಸಿದ್ದೇವೆ ಎಂದು ಲೇಖಕರೇ ಬರೆದಿರುತ್ತಾರೆ. ಕಾಲೇಜಿನ ಗ್ರಂಥಾಲಯದ ಪ್ರತಿಯಲ್ಲಿ ಆ ಎರಡು ಪುಟ ಓದಿ, ಸೇರಿದ ಅಥವಾ ತೆಗೆದ ಒಂದು ಅಧ್ಯಾಯದ ಹೆಸರು ಬರೆದುಕೊಂಡು ಹೋಗಿ.

ಆವೃತ್ತಿ ತಪ್ಪಿದರೆ ಆಗುವ ತೊಂದರೆ ನಿಜಕ್ಕೂ ಎಷ್ಟು ಎಂಬುದು ಮೇಷ್ಟ್ರು ಪುಸ್ತಕವನ್ನು ಹೇಗೆ ಬಳಸುತ್ತಾರೆ ಎಂಬುದರ ಮೇಲಿದೆ. ಅಸೈನ್‌ಮೆಂಟಿನಲ್ಲಿ “15ನೆಯ ಅಧ್ಯಾಯದ ಲೆಕ್ಕಗಳು” ಎಂದು ಕೊಟ್ಟರೆನ್ನಿ. ಮೂರನೆಯ ಆವೃತ್ತಿಯಲ್ಲಿ 15ನೆಯದು ಡೈನಮಿಕ್ ಪ್ರೋಗ್ರಾಮಿಂಗ್. ನಾಲ್ಕನೆಯದರಲ್ಲಿ ಆ ಪಾಠ 14ಕ್ಕೆ ಸರಿದು, 15ರಲ್ಲಿ ಗ್ರೀಡಿ ಅಲ್ಗಾರಿದಮ್ಸ್ ಬಂದು ಕೂತಿದೆ. ಹೊಸದೇ ಒಳ್ಳೆಯದೆಂದು ಹೆಚ್ಚು ಹಣ ಕೊಟ್ಟು ನಾಲ್ಕನೆಯದನ್ನು ತಂದವನು ಇಡೀ ತರಗತಿ ಮಾಡುತ್ತಿರುವ ಲೆಕ್ಕ ಬಿಟ್ಟು ಬೇರೆಯೇ ಪಾಠದ ಲೆಕ್ಕ ಮಾಡಿಕೊಂಡು ಬರುತ್ತಾನೆ. ಎರಡನೆಯ ಆವೃತ್ತಿಯ ತೊಡಕು ಇನ್ನೂ ಸೂಕ್ಷ್ಮ. ಅಲ್ಲೂ 15ನೆಯದು ಡೈನಮಿಕ್ ಪ್ರೋಗ್ರಾಮಿಂಗೇ. ಆದರೆ ಅಧ್ಯಾಯ ಶುರುವಾಗುವುದು ಕಾರ್ಖಾನೆಯ ಜೋಡಣಾ ಸಾಲಿನ ಉದಾಹರಣೆಯಿಂದ, ಮೂರನೆಯದರಲ್ಲಿ ಅದರ ಜಾಗದಲ್ಲಿ ಕಬ್ಬಿಣದ ಸರಳನ್ನು ತುಂಡು ಮಾಡಿ ಮಾರುವ ಉದಾಹರಣೆ ಇದೆ. ಮೊದಲ ಭಾಗದ ಅಭ್ಯಾಸಗಳೂ ಅದಕ್ಕೆ ತಕ್ಕಂತೆ ಬೇರೆ. ಅಧ್ಯಾಯದ ಸಂಖ್ಯೆ ಸರಿಯಿದೆ, ಹೆಸರೂ ಸರಿಯಿದೆ, ಒಳಗಿನ ಲೆಕ್ಕ ಬೇರೆ.

ಇನ್ನು ಭಾರತೀಯ ಮುದ್ರಣಗಳ ವಿಚಾರ. ಪಿಎಚ್‌ಐನ ಇಂಥ ಪುಸ್ತಕಗಳ ಮೇಲೆ “ಈಸ್ಟರ್ನ್ ಎಕಾನಮಿ ಎಡಿಷನ್” ಎಂದಿರುತ್ತದೆ. ಹೆಸರಿನಲ್ಲಿ ಎಡಿಷನ್ ಎಂದಿದ್ದರೂ ಅದು ಎಷ್ಟನೆಯ ಆವೃತ್ತಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಕಡಿಮೆ ಬೆಲೆಯ ಮಾಲಿಕೆಯ ಹೆಸರು. ಅಮೆರಿಕದ ಪುಟಗಳನ್ನೇ ಫೋಟೊ ತೆಗೆದು ಅಚ್ಚು ಹಾಕಿದ್ದು, ಏನನ್ನೂ ಕಡಿತ ಮಾಡಿಲ್ಲ ಎಂಬ ಸೂಚನೆ ಈ ಮಾಲಿಕೆಯ ಪುಸ್ತಕಗಳಲ್ಲಿ ಇರುತ್ತದೆ. ಹಾಗಿದ್ದರೆ ನಿಶ್ಚಿಂತೆ. ಕಾಗದ ತೆಳುವಿರಬಹುದು, ಪುಟಸಂಖ್ಯೆ, ಲೆಕ್ಕದ ಸಂಖ್ಯೆ ಅವೇ.

ಎಲ್ಲ ಭಾರತೀಯ ಮುದ್ರಣಗಳೂ ಹೀಗಿಲ್ಲ. ಕೆನೆತ್ ರೋಸೆನ್ ಅವರ “ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಅಂಡ್ ಇಟ್ಸ್ ಅಪ್ಲಿಕೇಷನ್ಸ್” ಪುಸ್ತಕದ ಏಳನೆಯ ಆವೃತ್ತಿಯನ್ನು ಐಐಟಿ ಮದ್ರಾಸಿನ ಕಮಲಾ ಕೃತಿವಾಸನ್ ಭಾರತದ ತರಗತಿಗಳಿಗೆ ಹೊಂದಿಸಿಕೊಟ್ಟಿದ್ದಾರೆ. ಅದರ ಹೆಸರಿಗೇ “ವಿತ್ ಕಾಂಬಿನೇಟೋರಿಕ್ಸ್ ಅಂಡ್ ಗ್ರಾಫ್ ಥಿಯರಿ” ಎಂದು ಬಾಲ ಸೇರಿದೆ. ಇದೂ ಏಳನೆಯದೇ, ಅಮೆರಿಕದ್ದೂ ಏಳನೆಯದೇ, ಆದರೂ ಎರಡೂ ಒಂದೇ ಪುಸ್ತಕವೆಂದು ಹಿಡಿಯುವಂತಿಲ್ಲ. ಮುಖಪುಟದ ಫೋಟೊದಲ್ಲಿ ಮೂಲ ಲೇಖಕರ ಕೆಳಗೆ ಚಿಕ್ಕದಾಗಿ ಇನ್ನೊಂದು ಹೆಸರಿದ್ದರೆ, ಶೀರ್ಷಿಕೆ ಎಂದಿಗಿಂತ ಉದ್ದವಿದ್ದರೆ, ಆವೃತ್ತಿ ಹೊಂದಿತೆಂದು ಹಣ ಕಳಿಸುವ ಮುಂಚೆ ಪರಿವಿಡಿ ನೋಡಲೇಬೇಕು. ಇಲ್ಲಿ ಐಎಸ್‌ಬಿಎನ್ ನೋಡಿ ದೇಶ ಪತ್ತೆ ಮಾಡುವುದೂ ಪೂರ್ತಿ ನಂಬಿಕೆಯದಲ್ಲ. 978ರ ನಂತರ 81 ಅಥವಾ 93 ಇದ್ದರೆ ಭಾರತದ ಸಂಖ್ಯೆ ಎನ್ನುವುದು ನಿಜ, ಆದರೆ ವಿದೇಶಿ ಕಂಪನಿಗಳ ಭಾರತೀಯ ಮುದ್ರಣಗಳು ಕೆಲವೊಮ್ಮೆ 0ಯಿಂದ ಶುರುವಾಗುವ ಸಂಖ್ಯೆಯಲ್ಲೇ ಬರುತ್ತವೆ.

ಎಂಎಸ್ ಓದಲು ಅಮೆರಿಕಕ್ಕೆ ಹೊರಡುವ ನಮ್ಮ ಮಕ್ಕಳು ಸೂಟ್‌ಕೇಸಿನಲ್ಲಿ ಇಲ್ಲಿನ ಅಗ್ಗದ ಪ್ರತಿಗಳನ್ನು ಒಯ್ಯುವುದು ಹಳೆಯ ರೂಢಿ. ಇಂಥ ಏಷ್ಯಾ ಮುದ್ರಣಗಳನ್ನು ಅಮೆರಿಕಕ್ಕೆ ತರಿಸಿ ಮಾರುತ್ತಿದ್ದ ಥಾಯ್ಲೆಂಡಿನ ವಿದ್ಯಾರ್ಥಿ ಸುಪಾಪ್ ಕಿರ್ಟ್‌ಸೇಂಗ್ ಮೇಲೆ ವೈಲಿ ಪ್ರಕಾಶನ ಮೊಕದ್ದಮೆ ಹೂಡಿತ್ತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿದ್ಯಾರ್ಥಿಯ ಪರ ತೀರ್ಪು ಕೊಟ್ಟಿತು. ಹೀಗೆ ಒಯ್ಯುವವರಿಗೆ ಉಳಿಯುವ ಕೆಲಸ ಒಂದೇ, ಅಲ್ಲಿನ ಪ್ರೊಫೆಸರ್ ಕೊಡುವ ಲೆಕ್ಕದ ಸಂಖ್ಯೆ ಇಲ್ಲಿನ ಪ್ರತಿಯಲ್ಲೂ ಅದೇ ಲೆಕ್ಕವೇ ಎಂದು ಹೊರಡುವ ಮುಂಚೆ ನೋಡಿಕೊಳ್ಳುವುದು.

ಕೆಲವೊಮ್ಮೆ ಪಠ್ಯಕ್ರಮದ ಹಾಳೆಯೇ ದಾರಿ ತಪ್ಪಿಸುತ್ತದೆ. ಮೇಲೆ ಹೇಳಿದ ವಿಟಿಯು ಪಟ್ಟಿಯಲ್ಲಿ ಮುಖ್ಯ ಪಠ್ಯವಾಗಿರುವ ಅನನಿ ಲೆವಿಟಿನ್ ಅವರ ಪುಸ್ತಕಕ್ಕೆ “2ನೇ ಆವೃತ್ತಿ, 2009” ಎಂದಿದೆ. ಆ ಪುಸ್ತಕದ ಹಕ್ಕುಸ್ವಾಮ್ಯದ ಇಸವಿಗಳು ಮೊದಲ ಆವೃತ್ತಿಗೆ 2003, ಎರಡನೆಯದಕ್ಕೆ 2007, ಮೂರನೆಯದಕ್ಕೆ 2012. 2009 ಇವುಗಳಲ್ಲಿ ಯಾವುದೂ ಅಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬೀಳುವುದರಿಂದ ಅದು ಎರಡನೆಯ ಆವೃತ್ತಿಯ ಮರುಮುದ್ರಣದ ಇಸವಿಯೇ ಇರಬೇಕು. ಪಟ್ಟಿಯಲ್ಲಿ 2009 ಇದೆಯೆಂದು 2009 ಎಂದು ಅಚ್ಚಾದ ಪ್ರತಿಗೇ ಅಂಗಡಿ ಅಂಗಡಿ ಅಲೆಯಬೇಕಿಲ್ಲ. © 2007 ಇರುವ ಯಾವ ಪ್ರತಿಯಾದರೂ ಸರಿ.

ಫೋಟೊ ಕೇಳುವ ಕ್ರಮಕ್ಕೆ ಬಂದರೆ, ನಾಲ್ಕು ಪುಟ ಸಾಕು: ಮುಖಪುಟ, ಹಿಂಬದಿಯ ರಟ್ಟು, ಕಾಪಿರೈಟ್ ಪುಟ, ಪರಿವಿಡಿಯಲ್ಲಿ ಗುರುತಿನ ಅಧ್ಯಾಯ ಇರುವ ಪುಟ. ಫ್ಲ್ಯಾಶ್ ಬೇಡ, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಪುಟವನ್ನು ಒತ್ತಿ ಚಪ್ಪಟೆ ಮಾಡಿ ತೆಗೆಯಲು ಹೇಳಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿ ಸಣ್ಣಕ್ಷರ ಕರಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಬರುತ್ತದೆ. ಅಪರಿಚಿತರ ಬಳಿ ಕೊಳ್ಳುವಾಗ ಕಾಪಿರೈಟ್ ಪುಟದ ಪಕ್ಕ ಅವತ್ತಿನ ತಾರೀಕು ಬರೆದ ಚೀಟಿ ಇಟ್ಟು ತೆಗೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪುಸ್ತಕ ಅವರ ಕೈಯಲ್ಲೇ ಇದೆ ಎಂಬುದು ಅದರಿಂದ ಖಾತ್ರಿಯಾಗುತ್ತದೆ.

ಬಂದ ಫೋಟೊಗಳು ಒಂದಕ್ಕೊಂದು ಹೊಂದದಿದ್ದರೆ ಎಚ್ಚರವಾಗಿ. ಹಿಂಬದಿಯ ಬಾರ್‌ಕೋಡಿನ ಕೆಳಗಿನ ಸಂಖ್ಯೆ ಕಾಪಿರೈಟ್ ಪುಟದಲ್ಲಿ ಎಲ್ಲೂ ಇಲ್ಲದಿದ್ದರೆ ರಟ್ಟು ಒಂದು ಪುಸ್ತಕದ್ದು, ಒಳಗಿನ ಹಾಳೆ ಇನ್ನೊಂದರದ್ದು ಆಗಿರಬಹುದು. ಕಳ್ಳಮುದ್ರಣಗಳಲ್ಲಿ ಹೀಗಾಗುತ್ತದೆ. ಹೊಸ ಆವೃತ್ತಿಯ ಮುಖಪುಟಕ್ಕೆ ಹಳೆಯ ಒಳಪುಟ ಸೇರಿಸಿದರೆ ಖರ್ಚು ಕಡಿಮೆ. ಚಿತ್ರಗಳಲ್ಲಿ ಗೆರೆಗಳು ಒಡೆದು ಕಾಣುವುದು, ಅಂಚಿನ ಅಕ್ಷರಗಳು ಓರೆಯಾಗಿರುವುದು ಅದರ ಇತರ ಗುರುತುಗಳು. ಆದರೆ ಪೂರ್ತಿ ಕಳ್ಳಪ್ರತಿಯಲ್ಲಿ ಐಎಸ್‌ಬಿಎನ್ ಸಮೇತ ಎಲ್ಲವೂ ಮೂಲದಂತೆಯೇ ಇರುತ್ತದೆ, ಸಂಖ್ಯೆಯ ಪರೀಕ್ಷೆ ಅಲ್ಲಿ ನೆರವಿಗೆ ಬಾರದು.

ಆವೃತ್ತಿ ಹೊಂದದ ಪ್ರತಿಯನ್ನು ತಿಳಿದೂ ಕೊಳ್ಳಬಹುದಾದ ಸಂದರ್ಭಗಳಿವೆ. ಮೇಷ್ಟ್ರು ಲೆಕ್ಕಗಳನ್ನು ತಾವೇ ಬೋರ್ಡಿನ ಮೇಲೆ ಬರೆಯುವವರಾದರೆ, ಪುಸ್ತಕ ಓದಿಕೊಳ್ಳುವುದಕ್ಕೆ ಮಾತ್ರ ಬೇಕಾದರೆ, ಹಿಂದಿನ ಆವೃತ್ತಿಯಿಂದ ಕೆಲಸ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊರ್ಮನ್ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಕ್ವಿಕ್‌ಸಾರ್ಟ್ ಕಲಿತವನಿಗೆ ನಷ್ಟವೇನಿಲ್ಲ. ಆದರೆ ಬೈನರಿ ಮರದಿಂದ ಒಂದು ಗಂಟನ್ನು ಅಳಿಸುವ ವಿಧಾನವನ್ನು ಮೂರನೆಯ ಆವೃತ್ತಿಯಲ್ಲಿ ಬೇರೆ ಮಾಡಿದ್ದಾರೆ. ಎರಡನೆಯದರಲ್ಲಿ ಅಳಿಸು ಎಂದ ಗಂಟಿನ ಬದಲು ಕೆಲವೊಮ್ಮೆ ಇನ್ನೊಂದು ಗಂಟು ಮರದಿಂದ ಹೊರಹೋಗಿ, ಅದರ ವಿವರ ಮೊದಲನೆಯದಕ್ಕೆ ನಕಲಾಗುತ್ತಿತ್ತು. ಮೂರನೆಯದರಲ್ಲಿ ಅಳಿಸು ಎಂದ ಗಂಟೇ ಹೋಗುತ್ತದೆ. ಹಳೆಯದನ್ನು ಇಟ್ಟುಕೊಂಡವರು ಆ ಭಾಗವನ್ನಾದರೂ ಗ್ರಂಥಾಲಯದ ಹೊಸ ಪ್ರತಿಯಿಂದ ಓದಿಕೊಂಡು, ಅಧ್ಯಾಯಗಳ ಹಳೆ ಮತ್ತು ಹೊಸ ಸಂಖ್ಯೆಗಳನ್ನು ಪರಿವಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಂಡರೆ ಸೆಮಿಸ್ಟರ್ ಪೂರ್ತಿ ಹುಡುಕಾಟ ತಪ್ಪುತ್ತದೆ.